ಜನವರಿಯ ಆಕಾಶ ನಿಮ್ಮ ಲೆಕ್ಕಕ್ಕೆ



ತಿಂಗಳ ಕೊನೆಯ ಭಾನುವಾರ ಈ ಪುಟದಲ್ಲಿ ಬರುತ್ತಿದ್ದ ಆಕಾಶದ ಅಂಕಣ ಇವತ್ತಿಗೆ ಮುಗಿಯುತ್ತದೆ. ಪತ್ರಿಕೆಯವರು ನಿಲ್ಲಿಸುತ್ತಿಲ್ಲ, ನಾನೇ ನಿಲ್ಲಿಸುತ್ತಿದ್ದೇನೆ. ಕಾರಣ ಕಣ್ಣು. ಕೃತ್ತಿಕೆಯ ಗೊಂಚಲಿನಲ್ಲಿ ಮೊದಲು ಆರು ಚುಕ್ಕಿ ಎಣಿಸುತ್ತಿದ್ದೆ, ಈಗ ಅಲ್ಲೊಂದು ಮಸುಕು ಮಾತ್ರ ಕಾಣುತ್ತದೆ. ಅಕ್ಷಿಪಟಲ ವಯಸ್ಸಿಗೆ ಸವೆದಿದೆ, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ತಾರಸಿಗೆ ಹೋಗಿ ನೋಡದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸಬಾರದು ಎಂಬುದು ಮೊದಲ ದಿನದಿಂದ ನಾನು ಇಟ್ಟುಕೊಂಡ ನಿಯಮ. ಬರೀ ಲೆಕ್ಕ ನೋಡಿ ಬರೆಯಲು ನನಗೆ ಮನಸ್ಸಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಈ ಪುಟದ ನಕ್ಷೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದೀರಿ, ಮಕ್ಕಳ ಪಟ್ಟಿಯಲ್ಲಿ ಇಟ್ಟಿದ್ದೀರಿ. ಅದು ನಿಂತುಹೋದರೆ ಮುಂದೇನು ಎಂದು ಕೇಳುವವರಿಗೆ ಈ ಕೊನೆಯ ಪತ್ರ. ಇದರಲ್ಲಿ ನಕ್ಷೆ ಇಲ್ಲ. ನಕ್ಷೆಯಿಲ್ಲದೆ ಆಕಾಶ ಓದುವ ಲೆಕ್ಕವಿದೆ. ಅದಕ್ಕೆ ಬೇಕಾದದ್ದು ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಈಗಾಗಲೇ ತೂಗುತ್ತಿರುವ ಕ್ಯಾಲೆಂಡರ್.

ಈ ಲೆಕ್ಕವನ್ನು ನನ್ನಿಂದ ಹೊರಡಿಸಿದವರು ಹಾವೇರಿ ಕಡೆಯ ಒಬ್ಬ ರೈತರು. "ನಿಮ್ಮ ನಕ್ಷೆ ನಮಗೆ ತಿಳಿಯೂದಿಲ್ರೀ. ಆದರ ಈಗ ಯಾವ ಮಳಿ ನಡದೈತಿ ಅನ್ನೂದು ನಮ್ಮನ್ಯಾಗ ಹುಡುಗರಿಗೂ ಗೊತ್ತೈತಿ. ಅದರ ಮ್ಯಾಲಿಂದ ಚುಕ್ಕಿ ಹೇಳಾಕ ಬರತೈತೇನು?" ಎಂದು ಬರೆದಿದ್ದರು. ಬರುತ್ತದೆ. ಚೆನ್ನಾಗಿಯೇ ಬರುತ್ತದೆ.

ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎನ್ನುತ್ತೇವಲ್ಲ, ಆ ಹೆಸರುಗಳು ಹೇಳುವುದು ಸೂರ್ಯ ಇರುವ ಜಾಗವನ್ನು. ಸೂರ್ಯ ವರ್ಷದಲ್ಲಿ ಒಮ್ಮೆ ನಕ್ಷತ್ರಗಳ ನಡುವೆ ಪೂರ್ತಿ ಒಂದು ಸುತ್ತು ಬಂದಂತೆ ನಮಗೆ ಕಾಣುತ್ತದೆ. ಆ ದಾರಿಯನ್ನು ನಮ್ಮ ಹಿರಿಯರು 27 ಸಮಪಾಲು ಮಾಡಿದರು. ಒಂದು ಪಾಲು ದಾಟಲು ಸೂರ್ಯನಿಗೆ ಹದಿಮೂರೂವರೆ ದಿನದಷ್ಟು ಬೇಕು. ಜೂನ್ 22ರ ಆಸುಪಾಸಿನಲ್ಲಿ ಆರ್ದ್ರೆಯ ಪಾಲಿಗೆ ಕಾಲಿಟ್ಟರೆ ಜುಲೈ 5 ಅಥವಾ 6ಕ್ಕೆ ಪುನರ್ವಸುವಿಗೆ ಹೋಗುತ್ತಾನೆ. ಮಳೆಗಾಲ ಕಳೆದ ಮೇಲೂ ಪಂಚಾಂಗ ಈ ಲೆಕ್ಕ ಬಿಡುವುದಿಲ್ಲ, ವರ್ಷವಿಡೀ 'ಮಹಾನಕ್ಷತ್ರ' ಎಂಬ ಹೆಸರಿನಲ್ಲಿ ಅದನ್ನು ಕೊಡುತ್ತದೆ. ಅದರ ಪಕ್ಕದಲ್ಲೇ ಇರುವ 'ನಿತ್ಯನಕ್ಷತ್ರ' ಚಂದ್ರನದು. ಅದರ ವಿಷಯ ಆಮೇಲೆ.

ಮಳೆಯ ಹೆಸರು ಸೂರ್ಯನ ಜಾಗ ಎಂದ ಮೇಲೆ ಮೊದಲು ತಿಳಿಯುವುದು ಯಾವುದು ಕಾಣುವುದಿಲ್ಲ ಎಂಬುದು. ಆರ್ದ್ರಾ ಮಳೆ ನಡೆಯುವಾಗ ಮೋಡ ಪೂರ್ತಿ ಸರಿದರೂ ಆರ್ದ್ರಾ ನಕ್ಷತ್ರ ನಿಮಗೆ ಸಿಗದು. ಅದು ಸೂರ್ಯನ ಜೊತೆಗೇ ಹುಟ್ಟಿ, ಹಗಲಿನಲ್ಲೇ ಸಾಗಿ, ಅವನ ಹಿಂದೆಮುಂದೆಯೇ ಮುಳುಗುತ್ತದೆ. ಅದರ ಅಕ್ಕಪಕ್ಕದವೂ ಸಂಧ್ಯೆಯ ಬೆಳಕಿನಲ್ಲಿ ಮರೆಯಾಗಿರುತ್ತವೆ.

ಸೂರ್ಯ ಪಶ್ಚಿಮದಲ್ಲಿ ಮುಳುಗುವಾಗ ಪೂರ್ವದಲ್ಲಿ ಮೇಲೇಳುವುದು ಅವನಿಗೆ ಎದುರಾಗಿರುವ ಪಾಲು. ಎದುರಿನದನ್ನು ಹಿಡಿಯುವುದು ಹೀಗೆ: ಮಹಾನಕ್ಷತ್ರವನ್ನೇ ಒಂದು ಎಂದು ಲೆಕ್ಕ ಹಿಡಿದು ಹದಿನಾಲ್ಕರವರೆಗೆ ಎಣಿಸಿ. ಹದಿನಾಲ್ಕನೆಯ ನಕ್ಷತ್ರ ಸಂಜೆ ಪೂರ್ವದಲ್ಲಿ ಹುಟ್ಟುತ್ತಿರುತ್ತದೆ. ಏಳನೆಯದು ಅಥವಾ ಎಂಟನೆಯದು ಆ ಹೊತ್ತಿಗೆ ನೆತ್ತಿಯ ನೇರಕ್ಕೆ ಇರುತ್ತದೆ. ಈ ಹದಿನಾಲ್ಕು ನನ್ನ ಸೃಷ್ಟಿಯಲ್ಲ, ನಮ್ಮ ತಿಂಗಳ ಹೆಸರುಗಳಲ್ಲೇ ಅಡಗಿದೆ. ಹುಣ್ಣಿಮೆಯ ದಿನ ಚಂದ್ರ ಸೂರ್ಯನಿಗೆ ಎದುರಾಗಿ ನಿಲ್ಲುತ್ತಾನೆ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ. ಕಾರ್ತಿಕ ಹುಣ್ಣಿಮೆಗೆ ಚಂದ್ರ ಕೃತ್ತಿಕೆಯ ಆಸುಪಾಸು ಇದ್ದರೆ ಸೂರ್ಯ ವಿಶಾಖೆಯ ಆಸುಪಾಸು ಇರುತ್ತಾನೆ. ವಿಶಾಖೆಯಿಂದ ಎಣಿಸುತ್ತ ಬನ್ನಿ, ಹದಿನಾಲ್ಕನೆಯದು ಭರಣಿ, ಅದರ ಬೆನ್ನಿಗೇ ಕೃತ್ತಿಕೆ. ಆರು ತಿಂಗಳ ನಂತರ ವೈಶಾಖದಲ್ಲಿ ಇಬ್ಬರೂ ಜಾಗ ಬದಲಿಸಿರುತ್ತಾರೆ.

ಸಂಜೆಯಾದ ಮೇಲೆ ಆಕಾಶ ಜರುಗುತ್ತಲೇ ಇರುತ್ತದೆ. ಒಂದು ದಿನಕ್ಕೆ 27 ಪಾಲೂ ಒಮ್ಮೆ ಹುಟ್ಟಿ ಮುಳುಗಬೇಕು, ಎಂದರೆ ಒಂದೊಂದಕ್ಕೆ 53 ನಿಮಿಷ. ಗಂಟೆಗೊಂದು ನಕ್ಷತ್ರ ಎಂದಿಟ್ಟುಕೊಳ್ಳಿ, ಬರಿಗಣ್ಣಿನ ಕೆಲಸಕ್ಕೆ ಸಾಕು. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತವೆ ಎಂದು ಈ ಅಂಕಣದಲ್ಲಿ ಪದೇ ಪದೇ ಓದಿದ್ದೀರಿ. ಹದಿಮೂರೂವರೆ ದಿನಕ್ಕೆ ಅದೂ ಒಂದು ಗಂಟೆಯ ಹತ್ತಿರವೇ ಆಗುತ್ತದೆ. ಹಾಗಾಗಿ ಲೆಕ್ಕ ಇಷ್ಟೇ: ಒಂದು ಮಳೆ ಕಳೆದರೆ ಆಕಾಶ ಒಂದು ಗಂಟೆ ಮುಂದಾಗುತ್ತದೆ. ತಿಂಗಳ ಮೊದಲ ದಿನ ರಾತ್ರಿ ಒಂಬತ್ತಕ್ಕೆ ಕಂಡದ್ದು ಹದಿನೈದಕ್ಕೆ ಎಂಟು ಗಂಟೆಗೆ, ತಿಂಗಳ ಕೊನೆಗೆ ಏಳು ಗಂಟೆಗೆ ಕಾಣುತ್ತದೆ. ಒಂದೇ ನಕ್ಷೆಯ ಕೆಳಗೆ ಮೂರು ತಾರೀಖು, ಮೂರು ಸಮಯ ಅಚ್ಚಾಗುತ್ತಿದ್ದುದು ಇದಕ್ಕೇ.

ಈಗ ಡಿಸೆಂಬರ್ ತಿಂಗಳ ಅಂಕಣವನ್ನೇ ಈ ಲೆಕ್ಕದಲ್ಲಿ ಕಟ್ಟೋಣ. ಡಿಸೆಂಬರ್ 2 ಅಥವಾ 3ರಂದು ಸೂರ್ಯ ಜ್ಯೇಷ್ಠೆಗೆ ಬಂದು 15ರ ಹೊತ್ತಿನವರೆಗೆ ಅಲ್ಲಿರುತ್ತಾನೆ. ಆದ್ದರಿಂದ ಅನೂರಾಧಾ, ಜ್ಯೇಷ್ಠಾ, ಮೂಲಾ ಮೂರೂ ಕಣ್ಣಿಗಿಲ್ಲ, ವೃಶ್ಚಿಕ ಪೂರ್ತಿ ಮರೆ. ಜ್ಯೇಷ್ಠೆ ಒಂದು, ಮೂಲಾ ಎರಡು, ಪೂರ್ವಾಷಾಢ ಮೂರು, ಉತ್ತರಾಷಾಢ ನಾಲ್ಕು, ಶ್ರವಣ ಐದು, ಧನಿಷ್ಠಾ ಆರು, ಶತಭಿಷ ಏಳು, ಪೂರ್ವಾಭಾದ್ರ ಎಂಟು. ಕತ್ತಲಾಗುತ್ತಿದ್ದಂತೆ ನೆತ್ತಿಯ ಹತ್ತಿರ ಪೂರ್ವಾಭಾದ್ರದ ಚುಕ್ಕಿಗಳು ಇರಬೇಕು. ಇವೆ. ಪೂರ್ವಾಭಾದ್ರ, ಉತ್ತರಾಭಾದ್ರಗಳ ನಾಲ್ಕು ಚುಕ್ಕಿ ಸೇರಿ ಆಗುವ ದೊಡ್ಡ ಚೌಕ ಅಲ್ಲಿ ಎದ್ದು ಕಾಣುತ್ತದೆ. ಉತ್ತರಾಭಾದ್ರ ಒಂಬತ್ತು, ರೇವತಿ ಹತ್ತು, ಅಶ್ವಿನಿ ಹನ್ನೊಂದು, ಭರಣಿ ಹನ್ನೆರಡು, ಕೃತ್ತಿಕಾ ಹದಿಮೂರು, ರೋಹಿಣಿ ಹದಿನಾಲ್ಕು. ಆರು ಗಂಟೆಯ ಹೊತ್ತಿಗೆ ಪೂರ್ವದಲ್ಲಿ ರೋಹಿಣಿ ಆಗಷ್ಟೇ ಹುಟ್ಟಿರುತ್ತದೆ, ಅದರ ಮೇಲೆ ಕೃತ್ತಿಕೆ.

ಊಟ ಮುಗಿಸಿ ಒಂಬತ್ತಕ್ಕೆ ಹೊರಗೆ ಬನ್ನಿ. ಮೂರು ಗಂಟೆ ಕಳೆದಿದೆ, ಇನ್ನೂ ಮೂರು ನಕ್ಷತ್ರ ಹುಟ್ಟಿರಬೇಕು: ಮೃಗಶಿರ, ಆರ್ದ್ರಾ, ಪುನರ್ವಸು. ಪೂರ್ವ ದಿಗಂತದ ಮೇಲೆ ಸ್ವಲ್ಪ ಉತ್ತರಕ್ಕೆ ವಾಲಿದಂತೆ ಪುನರ್ವಸುವಿನ ಜೋಡಿ ಚುಕ್ಕಿ ಹುಟ್ಟಿರುತ್ತದೆ. ಮೇಲಕ್ಕೆ, ದಿಗಂತದಿಂದ ನೆತ್ತಿಯವರೆಗಿನ ದಾರಿಯಲ್ಲಿ ಅರ್ಧಕ್ಕಿಂತ ತುಸು ಕೆಳಗೆ, ಸಾಲಾಗಿ ನಿಂತ ಮೂರು ಚುಕ್ಕಿಗಳ ಮಹಾವ್ಯಾಧ. ಅದರ ಭುಜದಲ್ಲಿರುವ ಕೆಂಪು ಚುಕ್ಕಿಯೇ ಆರ್ದ್ರೆ, ತಲೆಯಲ್ಲಿರುವ ಮಂಕಾದ ಮೂರು ಮೃಗಶಿರ. ಇನ್ನೂ ಮೇಲೆ ಕೆಂಬಣ್ಣದ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು, ನೆತ್ತಿಯ ಮೇಲೆ ಅಶ್ವಿನಿ. ಪಶ್ಚಿಮದಲ್ಲಿ ಶ್ರವಣ ಮುಳುಗುವ ಹಂತದಲ್ಲಿರುತ್ತದೆ. ಆಗ್ನೇಯದ ಕೆಳಗೆ ಲುಬ್ಧಕ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅದೇ ಪ್ರಕಾಶಮಾನ. ಅಗಸ್ತ್ಯನನ್ನು ನೋಡಬೇಕೆಂದರೆ ಹತ್ತೂವರೆಯವರೆಗೆ ಕಾಯಿರಿ, ದಕ್ಷಿಣದ ಕಡೆಗೆ ಮರ, ಗುಡ್ಡ ಅಡ್ಡವಿಲ್ಲದ ಜಾಗ ಹಿಡಿಯಿರಿ. ಬೀದರಿನವರಿಗೆ ಅಗಸ್ತ್ಯ ಮೈಸೂರಿನವರಿಗಿಂತ ತಗ್ಗಿನಲ್ಲೇ ಸಾಗುತ್ತಾನೆ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹೇಳದೆ ಬಿಟ್ಟರೆ ಮೊದಲ ವಾರವೇ ನಿಮಗೆ ಇದರ ಮೇಲೆ ನಂಬಿಕೆ ಹೋದೀತು. 27 ಪಾಲು ಸಮ, ಆದರೆ ಆ ಹೆಸರಿನ ಚುಕ್ಕಿಗಳು ಸಮದೂರದಲ್ಲಿ ಇಲ್ಲ. ಮೃಗಶಿರಕ್ಕೂ ಆರ್ದ್ರೆಗೂ ಅರ್ಧ ಗಂಟೆಯ ಅಂತರವೂ ಇಲ್ಲ, ಆರ್ದ್ರೆ ಹುಟ್ಟಿ ಪುನರ್ವಸುವಿನ ಜೋಡಿ ಪೂರ್ತಿ ಮೇಲೇಳಲು ಒಂದೂವರೆ ಗಂಟೆ ಬೇಕು. ಎರಡನೆಯದಾಗಿ, ಎಲ್ಲ ಚುಕ್ಕಿಗಳೂ ಸೂರ್ಯನ ದಾರಿಯ ಮೇಲಿಲ್ಲ. ಚಿತ್ತೆ ಬಹುತೇಕ ದಾರಿಯಲ್ಲೇ ಇದೆ. ಸ್ವಾತಿ ಮಾತ್ರ ಆ ದಾರಿಯಿಂದ 30 ಡಿಗ್ರಿಯಷ್ಟು ಉತ್ತರಕ್ಕೆ ಇದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಹಾಗೆ ಮೂರು ಮುಷ್ಟಿ. ಉತ್ತರಕ್ಕಿರುವ ಚುಕ್ಕಿ ನಮ್ಮ ಊರುಗಳಲ್ಲಿ ಬೇಗ ಹುಟ್ಟಿ ತಡವಾಗಿ ಮುಳುಗುತ್ತದೆ. ಅದಕ್ಕೇ ಬೆಂಗಳೂರಿನಲ್ಲಿ ಚಿತ್ತೆ ಹುಟ್ಟಿದ ಇಪ್ಪತ್ತು ನಿಮಿಷಕ್ಕೆಲ್ಲ ಸ್ವಾತಿಯೂ ಬರುತ್ತದೆ. ಮುಳುಗುವಾಗ ಚಿತ್ತೆಗಿಂತ ಒಂದು ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತದೆ. ಶತಭಿಷ, ರೇವತಿಗಳ ಚುಕ್ಕಿಗಳೋ ತುಂಬ ಮಂಕು, ಪಟ್ಟಣದ ದೀಪದ ಬೆಳಕಿನಲ್ಲಿ ಅವನ್ನು ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ.

ಆದ್ದರಿಂದ ಎಲ್ಲ 27ರ ಬೆನ್ನು ಹತ್ತಬೇಡಿ. ಕೃತ್ತಿಕಾ, ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಈ ಐದನ್ನು ಗಟ್ಟಿಯಾಗಿ ಗುರುತು ಹಿಡಿಯಿರಿ. ಐದೂ ಸೂರ್ಯನ ದಾರಿಯ ಹತ್ತಿರದವು, ಸುಲಭವಾಗಿ ಸಿಗುತ್ತವೆ. ಲೆಕ್ಕ ಹೇಳಿದ ಸಮಯಕ್ಕೂ ಕಣ್ಣು ಕಂಡ ಸಮಯಕ್ಕೂ ಒಂದು ಗಂಟೆಯೊಳಗಿನ ವ್ಯತ್ಯಾಸವಿದ್ದರೆ ಎಲ್ಲ ಸರಿಯಾಗಿಯೇ ಇದೆ. ಎರಡು ಗಂಟೆಯಾದರೆ ಎಣಿಸುವಾಗ ಒಂದು ಹೆಸರು ಬಿಟ್ಟುಹೋಗಿದೆ, ಇಲ್ಲವೇ ಮಹಾನಕ್ಷತ್ರದ ಬದಲು ನಿತ್ಯನಕ್ಷತ್ರದಿಂದ ಎಣಿಕೆ ಶುರುವಾಗಿದೆ. ಕ್ಯಾಲೆಂಡರ್ ನೋಡಿ ಹೊಸದಾಗಿ ಎಣಿಸಿ.

ಇನ್ನು ನಿತ್ಯನಕ್ಷತ್ರ. ಚಂದ್ರ ದಿನಕ್ಕೆ ಹೆಚ್ಚುಕಡಿಮೆ ಒಂದು ಪಾಲು ಸರಿಯುತ್ತಾನೆ, ಹಾಗಾಗಿ ಅದು ದಿನವೂ ಬದಲಾಗುತ್ತದೆ. ಒಂದು ಚುಕ್ಕಿ ಯಾವುದೆಂದು ಗೊತ್ತಾಗದಿದ್ದರೆ ಚಂದ್ರ ಅದರ ಹತ್ತಿರಕ್ಕೆ ಬರುವ ರಾತ್ರಿಗಾಗಿ ಕಾಯಿರಿ. ಕ್ಯಾಲೆಂಡರಿನಲ್ಲಿ ಮಘಾ ಎಂದಿರುವ ರಾತ್ರಿ ಚಂದ್ರನ ಆಸುಪಾಸಿನಲ್ಲಿರುವ ಪ್ರಕಾಶಮಾನವಾದ ಚುಕ್ಕಿ ಮಘೆ. ಒಂದು ವಾರ ಬಿಟ್ಟು ನೋಡಿ, ಚಂದ್ರ ಹೊರಟುಹೋಗಿರುತ್ತಾನೆ, ಮಘೆ ತನ್ನ ಜಾಗದಲ್ಲೇ ಇರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಕ್ಯಾಲೆಂಡರ್ ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿಗೆ ಇರುವ ನಕ್ಷತ್ರವನ್ನು ಕೊಟ್ಟು, ಅದು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಪಕ್ಕದಲ್ಲಿ ಬರೆಯುತ್ತದೆ. ಅದು ಮಧ್ಯಾಹ್ನಕ್ಕೇ ಮುಗಿಯುವ ದಿನ ರಾತ್ರಿ ನೀವು ನೋಡುವ ಚಂದ್ರ ಮುಂದಿನ ನಕ್ಷತ್ರದಲ್ಲಿರುತ್ತಾನೆ. "ಕ್ಯಾಲೆಂಡರಿಗೂ ಆಕಾಶಕ್ಕೂ ತಾಳೆಯಾಗುತ್ತಿಲ್ಲ" ಎಂದು ನನಗೆ ಬಂದ ಕಾಗದಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದ ಹುಟ್ಟಿದವು.

ಲೆಕ್ಕದಲ್ಲಿ ಇಲ್ಲದ ಪ್ರಕಾಶಮಾನವಾದ ಚುಕ್ಕಿಯೊಂದು ಸೂರ್ಯನ ದಾರಿಯಲ್ಲಿ ಕಂಡರೆ ಅದು ಗ್ರಹ. ಮಿನುಗದೆ ನಿಂತ ಬೆಳಕಿನಿಂದಲೂ ಅದು ಗೊತ್ತಾಗುತ್ತದೆ. ಗುರು ಸುಮಾರು ವರ್ಷಕ್ಕೊಂದು ರಾಶಿ ದಾಟುತ್ತದೆ, ಶನಿಗೆ ಎರಡೂವರೆ ವರ್ಷ ಬೇಕು. ಈ ವರ್ಷ ಅವೆರಡು ಎಲ್ಲಿವೆ ಎಂದು ಒಮ್ಮೆ ಗುರುತು ಮಾಡಿಕೊಂಡರೆ ಮುಂದಿನ ವರ್ಷ ಎಲ್ಲಿ ಹುಡುಕಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ಶುಕ್ರನ ವಿಷಯದಲ್ಲಿ, ಹಳೆಯ ಪುಟಗಳನ್ನು ಕತ್ತರಿಸಿಟ್ಟುಕೊಂಡವರಿಗೆ ಒಂದು ಮಾತು: ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ಸಂಜೆಯ ಆಕಾಶದಲ್ಲಿ ಒಮ್ಮೆ ಕಂಡು, ಬೆಳಗಿನ ಆಕಾಶಕ್ಕೆ ಹೋಗಿ, ಮತ್ತೆ ಸಂಜೆಯ ಅದೇ ಸ್ಥಿತಿಗೆ ಮರಳಲು ಶುಕ್ರನಿಗೆ 584 ದಿನ ಬೇಕು. ಹಾಗೆ ಐದು ಸಲ ಆದರೆ 2,920 ದಿನ. ಎಂಟು ವರ್ಷಕ್ಕೆ 2,922 ದಿನ. ಎರಡೇ ದಿನದ ವ್ಯತ್ಯಾಸ! ಹಾಗಾಗಿ ಶುಕ್ರನ ಆಟ ಎಂಟು ವರ್ಷಕ್ಕೊಮ್ಮೆ, ಎರಡು ದಿನ ಮುಂಚಿತವಾಗಿ, ಅದೇ ನಕ್ಷತ್ರಗಳ ನಡುವೆ ಪುನಃ ನಡೆಯುತ್ತದೆ. 2017ರ ಜನವರಿ 12ರಂದು ಶುಕ್ರ ಸಂಜೆಯ ಆಕಾಶದಲ್ಲಿ ಸೂರ್ಯನಿಂದ ಅತಿ ದೂರಕ್ಕೆ, 47 ಡಿಗ್ರಿಗೆ, ಸರಿದಿತ್ತು. 2025ರಲ್ಲಿ ಅದೇ ಸ್ಥಿತಿ ಬಂದದ್ದು ಜನವರಿ 10ಕ್ಕೆ. 2033ರಲ್ಲಿ ಜನವರಿ 8ರ ಆಸುಪಾಸಿನಲ್ಲಿ ಬರುತ್ತದೆ. ಎಂಟು ವರ್ಷ ಹಿಂದಿನ ಪುಟದಲ್ಲಿ ಶುಕ್ರನ ಬಗ್ಗೆ ಬರೆದದ್ದನ್ನು ತಾರೀಖಿನಲ್ಲಿ ಎರಡು ದಿನ ಕಳೆದು ಓದಿ, ಅದೇ ಈ ವರ್ಷದ ಅಂಕಣ.

ಈ ಲೆಕ್ಕ ಹಳೆಯದಾಗುವುದಿಲ್ಲವೇ ಎಂದು ಶಾಲಾ ಶಿಕ್ಷಕಿಯೊಬ್ಬರು ಕೇಳಿದ್ದರು. ಪಂಚಾಂಗದ ನಕ್ಷತ್ರಪಾಲುಗಳು ಚುಕ್ಕಿಗಳಿಗೆ ಗಂಟುಬಿದ್ದಿವೆ, ಇಂಗ್ಲಿಷ್ ತಾರೀಖಿಗೆ ಅಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸೂರ್ಯ ಆರ್ದ್ರೆಗೆ ಬರುವ ತಾರೀಖು ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದಕ್ಕೆ ಹೋಗುತ್ತದೆ. ನಾನು ಕೊಟ್ಟ ತಾರೀಖನ್ನು ನಿಮ್ಮ ಮೊಮ್ಮಕ್ಕಳು ತಿದ್ದಿಕೊಳ್ಳಬೇಕಾದೀತು. ಹದಿನಾಲ್ಕರ ಎಣಿಕೆಯನ್ನು ಅವರ ಮೊಮ್ಮಕ್ಕಳೂ ತಿದ್ದಬೇಕಾಗಿಲ್ಲ. ಆಯಾ ವರ್ಷದ ಕ್ಯಾಲೆಂಡರ್ ಇಟ್ಟುಕೊಂಡರೆ ಸಾಕು.

ಧೂಮಕೇತು ಯಾವಾಗ ಬರುತ್ತದೆ, ಗ್ರಹಣ ಎಷ್ಟು ಗಂಟೆಗೆ ಹಿಡಿಯುತ್ತದೆ ಎಂಬುದನ್ನು ಈ ಲೆಕ್ಕ ಹೇಳಲಾರದು. ಅವು ಬಂದಾಗ ಸುದ್ದಿಯಾಗಿಯೇ ಬರುತ್ತವೆ, ಪತ್ರಿಕೆ ಮೊದಲ ಪುಟದಲ್ಲೇ ಹಾಕುತ್ತದೆ. ಯಾರೂ ಸುದ್ದಿ ಮಾಡದ ರಾತ್ರಿಗಳಿಗಾಗಿ ಈ ಅಂಕಣ ಇತ್ತು. ನೀವು ಬರೆದ ಕಾಗದಗಳೂ ಅಂಥ ರಾತ್ರಿಗಳವೇ: ಪಂಪ್‌ಸೆಟ್ಟಿಗೆ ಕರೆಂಟು ಬರುವುದನ್ನು ಕಾಯುತ್ತ ಗದ್ದೆಯ ಬದುವಿನಲ್ಲಿ ಕುಳಿತು ಜ್ಯೇಷ್ಠೆಯನ್ನು ಗುರುತಿಸಿದವರು, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ನಿಂತಾಗ ಮೂಡಣದಲ್ಲಿ ಶುಕ್ರನನ್ನು ಕಂಡವರು, ತಾಯಿಯನ್ನು ಕುರ್ಚಿ ಸಮೇತ ತಾರಸಿಗೆ ಎತ್ತಿಕೊಂಡು ಹೋಗಿ ಅಗಸ್ತ್ಯನನ್ನು ತೋರಿಸಿದವರು. ನೀವು ನೋಡಿದ್ದನ್ನು ನನಗೆ ಬರೆದು ತಿಳಿಸಿದಿರಿ. ನಾನು ಬರೆದದ್ದು ಸರಿಯೋ ಎಂದು ನಿಮ್ಮ ಊರುಗಳಿಂದ ಪರೀಕ್ಷಿಸಿ ಹೇಳಿದವರೂ ನೀವೇ. ಅದಕ್ಕೆ ನಾನು ಋಣಿ.

ಒಂದು ಕೋರಿಕೆ ಇದೆ. ಮಳೆ ಬದಲಾಗುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪ್ರತಿ ಮಳೆಗೂ ಒಂದು ರಾತ್ರಿ ಹೊರಗೆ ಬನ್ನಿ. ಕಂಡದ್ದನ್ನು ಆ ದಿನದ ಚೌಕದಲ್ಲಿ ಎರಡು ಪದದಲ್ಲಿ ಬರೆದಿಡಿ. ಮೋಡವಿದ್ದರೆ ಮೋಡ ಎಂದೇ ಬರೆಯಿರಿ. ವರ್ಷ ಕಳೆಯುವಾಗ ನಿಮ್ಮ ಊರಿನ, ನಿಮ್ಮ ದಿಗಂತದ, ನಿಮ್ಮ ತೆಂಗಿನಮರದ ಅಂದಾಜಿಗೆ ಹೊಂದುವ ಆಕಾಶದ ಪಟ್ಟಿ ಕೈಯಲ್ಲಿರುತ್ತದೆ. ಇಡೀ ರಾಜ್ಯಕ್ಕೆ ಒಂದೇ ನಕ್ಷೆ ಬರೆಯುತ್ತಿದ್ದ ನನಗೆ ಅಂಥದ್ದನ್ನು ಕೊಡಲು ಸಾಧ್ಯವಿರಲಿಲ್ಲ.

ಡಿಸೆಂಬರಿನ ಅಂಕಣ ಮೇಲೆ ಆಯಿತು. ಜನವರಿಯದು ನಿಮ್ಮದು. ಜನವರಿ 11ರ ಸುಮಾರಿಗೆ ಸೂರ್ಯ ಉತ್ತರಾಷಾಢಕ್ಕೆ ಬರುತ್ತಾನೆ. ಅಲ್ಲಿಂದ ಹದಿನಾಲ್ಕು ಎಣಿಸಿ, ಸಂಜೆಯಿಂದ ಒಂಬತ್ತು ಗಂಟೆಯವರೆಗಿನ ಮೂರು ಸೇರಿಸಿ, ಹೊರಗೆ ಬಂದು ಪೂರ್ವಕ್ಕೆ ನೋಡಿ. ಅಲ್ಲಿ ಮಘೆ ಹುಟ್ಟಿರಬೇಕು. ನಿಮ್ಮ ಎಣಿಕೆಯೂ ಮಘೆಗೇ ಬಂದು ನಿಂತಿದ್ದರೆ ಫೆಬ್ರವರಿಯ ಅಂಕಣವನ್ನೂ ನೀವೇ ಬರೆಯಬಲ್ಲಿರಿ.



ಇಂತಿ,
ನಿಮ್ಮ ಅಂಕಣಕಾರ